ನಾಲ್ಕು ಕಡೆ ಸಾಲಕ್ಕೆ ಅರ್ಜಿ ಹಾಕಿದ್ರೆ ಸಿಬಿಲ್ ಯಾಕೆ ಬೀಳುತ್ತೆ? ಹಾರ್ಡ್ ಎನ್‌ಕ್ವೈರಿ, ಸಾಫ್ಟ್ ಎನ್‌ಕ್ವೈರಿ ಅಂದ್ರೆ ಏನು? ಇಲ್ಲಿದೆ ಪೂರ್ತಿ ವಿವರ

ಹಬ್ಬದ ಸೀಸನ್ ಹತ್ತಿರ ಬಂದಂತೆ ಪೇಟೆಯಲ್ಲಿ ಎರಡು ಓಡಾಟ ಜೋರಾಗುತ್ತೆ. ಒಂದು ಸರಕಿನದು, ಇನ್ನೊಂದು ಸಾಲದ್ದು. ಅಂಗಡಿಗೆ ಮಾಲು ತುಂಬಿಸೋಕೆ ದುಡ್ಡು ಬೇಕು, ಬ್ಯಾಂಕ್ ಕೊಡುತ್ತೋ ಇಲ್ವೋ ಗೊತ್ತಿಲ್ಲ, ಹಾಗಾಗಿ ನಾಲ್ಕು ಕಡೆ ಹಾಕಿಡೋಣ, ಯಾವುದು ಮೊದಲು ಆಗುತ್ತೋ ಅದನ್ನು ತಗೊಳ್ಳೋಣ ಅಂತ ಬಹಳ ಜನ ಲೆಕ್ಕ ಹಾಕುತ್ತಾರೆ. ಸರಕು ತರುವಾಗ ನಾಲ್ಕು ಹೋಲ್‌ಸೇಲ್ ಅಂಗಡಿಯಲ್ಲಿ ರೇಟು ಕೇಳೋದು ಜಾಣತನ. ಆದರೆ ಸಾಲದ ವಿಷಯದಲ್ಲಿ ಇದೇ ಜಾಣತನ ತಿರುಗಿ ಹೊಡೆಯುತ್ತೆ. ನಾಲ್ಕು ಕಡೆ ಕೇಳಿದ್ದು ನಾಲ್ಕು ಸಾಲಾಗಿ ದಾಖಲಾಗುತ್ತೆ, ಐದನೆಯವರು ಅದನ್ನು ನೋಡಿಯೇ ಹಿಂದೆ ಸರಿಯುತ್ತಾರೆ.

ಒಂದು ಕಂತೂ ತಪ್ಪಿಸದವರ ಅರ್ಜಿ ಕೂಡ ಹೀಗೆ ವಾಪಸ್ ಬರಬಹುದು. ಅದು ಹೇಗೆ ಅನ್ನೋದನ್ನು ಒಂದೊಂದಾಗಿ ನೋಡೋಣ.

ಎನ್‌ಕ್ವೈರಿ ಅಂದರೆ ಏನು?

ಜನ ಸಾಮಾನ್ಯವಾಗಿ ಎಲ್ಲದಕ್ಕೂ 'ಸಿಬಿಲ್' ಅಂತಲೇ ಹೇಳುತ್ತಾರೆ. ನಿಜದಲ್ಲಿ ದೇಶದಲ್ಲಿ ಇಂಥ ನಾಲ್ಕು ಕಂಪನಿಗಳಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕೂ ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿವೆ. ಬ್ಯಾಂಕು, ಫೈನಾನ್ಸ್ ಕಂಪನಿಗಳು ತಮ್ಮ ಗ್ರಾಹಕರ ಸಾಲದ ಲೆಕ್ಕವನ್ನು ಈ ಕಂಪನಿಗಳಿಗೆ ಕೊಡುತ್ತವೆ. ಹೊಸಬರು ಸಾಲ ಕೇಳಿ ಬಂದಾಗ ಅವರ ರಿಪೋರ್ಟನ್ನು ಇಲ್ಲಿಂದಲೇ ತರಿಸಿಕೊಳ್ಳುತ್ತವೆ. 300ರಿಂದ 900ರವರೆಗಿನ ಸಿಬಿಲ್ ಸ್ಕೋರ್ ಅದೇ ರಿಪೋರ್ಟಿನ ಒಂದು ಭಾಗ.

ಹೀಗೆ ಯಾರಾದರೂ ರಿಪೋರ್ಟ್ ತೆಗೆಸಿ ನೋಡುವುದಕ್ಕೆ ಎನ್‌ಕ್ವೈರಿ ಅನ್ನುತ್ತಾರೆ. ಯಾರು ನೋಡಿದರು, ಯಾತಕ್ಕೆ ನೋಡಿದರು ಅನ್ನೋದರ ಮೇಲೆ ಅದು ಹಾರ್ಡೋ ಸಾಫ್ಟೋ ಅಂತ ತೀರ್ಮಾನ ಆಗುತ್ತೆ.

ನಿಮ್ಮ ಸ್ಕೋರನ್ನು ನೀವೇ ನೋಡಿಕೊಂಡರೆ ಅದು ಸಾಫ್ಟ್. ಈಗಾಗಲೇ ಸಾಲ ಕೊಟ್ಟಿರುವ ಬ್ಯಾಂಕ್ ತನ್ನ ಗ್ರಾಹಕರ ಸ್ಥಿತಿ ಹೇಗಿದೆ ಅಂತ ಆಗಾಗ ನೋಡುತ್ತಿದ್ದರೆ ಅದೂ ಸಾಫ್ಟ್. ನೀವು ಕೇಳದಿದ್ದರೂ 'ನಿಮಗೆ ಇಷ್ಟು ಲಕ್ಷ ಪ್ರೀ-ಅಪ್ರೂವ್ಡ್' ಅಂತ ಮೆಸೇಜ್ ಕಳಿಸುವ ಮುಂಚೆ ನಡೆಯುವ ಪರಿಶೀಲನೆಯೂ ಇದೇ ಗುಂಪಿಗೆ ಸೇರುತ್ತೆ. ಇವು ಬೇರೆ ಸಾಲದಾತರಿಗೆ ಕಾಣಲ್ಲ, ಸ್ಕೋರಿಗೂ ಏನೂ ಆಗಲ್ಲ. 'ಪದೇ ಪದೇ ಸಿಬಿಲ್ ನೋಡ್ಕೊಂಡ್ರೆ ಕಮ್ಮಿ ಆಗುತ್ತೆ' ಅನ್ನೋ ಮಾತು ಊರೆಲ್ಲ ಇದೆ. ಅದು ತಪ್ಪು. ತಿಂಗಳಿಗೆ ನಾಲ್ಕು ಸಲ ನೋಡಿಕೊಂಡರೂ ತೊಂದರೆ ಇಲ್ಲ.

ನೀವು ಸಾಲ ಬೇಕು ಅಂತ ಅರ್ಜಿ ಹಾಕಿ, ಆ ಅರ್ಜಿಗಾಗಿ ಬ್ಯಾಂಕೋ ಫೈನಾನ್ಸ್ ಕಂಪನಿಯೋ ರಿಪೋರ್ಟ್ ತೆಗೆದರೆ ಅದು ಹಾರ್ಡ್. ಬೈಕ್ ಸಾಲ, ಪರ್ಸನಲ್ ಲೋನ್, ಮನೆ ಸಾಲ, ಕ್ರೆಡಿಟ್ ಕಾರ್ಡ್ ಎಲ್ಲವೂ ಇದಕ್ಕೆ ಸೇರಿದವು. ಮೊಬೈಲ್ ಅಂಗಡಿಯಲ್ಲಿ ಕಂತಿಗೆ ಫೋನ್ ತಗೊಂಡರೆ ಅದೂ ಒಂದು ಸಾಲದ ಅರ್ಜಿಯೇ. ಚಿನ್ನದ ಸಾಲಕ್ಕೂ ಹಲವು ಕಡೆ ರಿಪೋರ್ಟ್ ತೆಗೆಯುತ್ತಾರೆ. ಸಾಲಕ್ಕೆ ಹೆಂಡತಿಯನ್ನು ಜಂಟಿ ಅರ್ಜಿದಾರರಾಗಿ ಸೇರಿಸಿದರೆ ಅವರ ರಿಪೋರ್ಟಿನಲ್ಲೂ ಒಂದು ಎನ್‌ಕ್ವೈರಿ ಬೀಳುತ್ತೆ.

ಹಾರ್ಡ್ ಎನ್‌ಕ್ವೈರಿ ಆದ ತಕ್ಷಣ ರಿಪೋರ್ಟಿನ ಕೊನೆಯ ಭಾಗದಲ್ಲಿ ಒಂದು ಸಾಲು ಸೇರಿಕೊಳ್ಳುತ್ತೆ. ಅದರಲ್ಲಿ ನಾಲ್ಕು ವಿಷಯ ಇರುತ್ತೆ: ರಿಪೋರ್ಟ್ ತೆಗೆದವರ ಹೆಸರು, ದಿನಾಂಕ, ಯಾವ ಬಗೆಯ ಸಾಲ, ಎಷ್ಟು ಮೊತ್ತ. ಮುಂದೆ ಸಾಲ ಕೊಡುವವರು ಇದನ್ನು ಓದುತ್ತಾರೆ.

ಕೇಳಿದ್ದು ಕೂಡಲೇ ಕಾಣುತ್ತೆ, ಸಿಕ್ಕಿದ್ದು ತಡವಾಗಿ ಕಾಣುತ್ತೆ

ಬರೀ ಕೇಳಿದ್ದಕ್ಕೆ ಯಾಕೆ ಶಿಕ್ಷೆ ಅಂತ ಯಾರಿಗಾದರೂ ಅನ್ನಿಸುತ್ತೆ. ಬ್ಯಾಂಕಿನ ಕಡೆಯಿಂದ ನೋಡಿದರೆ ಇದು ಅರ್ಥ ಆಗುತ್ತೆ.

ಎನ್‌ಕ್ವೈರಿ ಕೂಡಲೇ ದಾಖಲಾಗುತ್ತೆ. ಬೆಳಿಗ್ಗೆ ಒಂದು ಕಡೆ ರಿಪೋರ್ಟ್ ತೆಗೆದರೆ ಮಧ್ಯಾಹ್ನ ಇನ್ನೊಬ್ಬರು ತೆಗೆದಾಗ ಅದು ಕಾಣಬಹುದು. ಆದರೆ ಸಾಲ ಕೊಟ್ಟ ವಿವರ ಅಷ್ಟು ಬೇಗ ಬರಲ್ಲ. ಮೊದಲು ತಿಂಗಳಿಗೊಮ್ಮೆ ಕೊಡುತ್ತಿದ್ದ ಈ ಮಾಹಿತಿಯನ್ನು 15 ದಿನಕ್ಕೊಮ್ಮೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಆದೇಶ ಮಾಡಿತು. 2025ರ ಜನವರಿ 1ರಿಂದ ಅದು ಜಾರಿಗೆ ಬಂತು. ಪಾಕ್ಷಿಕ ಮುಗಿದ ಮೇಲೆ ಮಾಹಿತಿ ಕಳಿಸಲು ಸಾಲದಾತರಿಗೆ 7 ದಿನ, ಅದನ್ನು ಸೇರಿಸಿಕೊಳ್ಳಲು ಸಿಬಿಲ್‌ನಂಥ ಕಂಪನಿಗಳಿಗೆ 5 ದಿನ ಸಮಯ ಕೊಡಲಾಯಿತು. ಅಂದರೆ ಆ ನಿಯಮದ ಪ್ರಕಾರ 1ನೇ ತಾರೀಕು ತಗೊಂಡ ಸಾಲ ರಿಪೋರ್ಟಿನಲ್ಲಿ ಕಾಣುವಷ್ಟರಲ್ಲಿ ಮೂರು ವಾರ ದಾಟಿದರೂ ದಾಟಬಹುದಿತ್ತು.

ಇನ್ನೊಂದು ಸಂಗತಿ ಇದೆ. ಅರ್ಜಿ ತಿರಸ್ಕಾರ ಆಯಿತು ಅಂತಾಗಲೀ, ನೀವೇ ಬೇಡ ಅಂದಿರಿ ಅಂತಾಗಲೀ ರಿಪೋರ್ಟಿನಲ್ಲಿ ಎಲ್ಲೂ ಬರೆಯಲ್ಲ. ಎನ್‌ಕ್ವೈರಿ ಇದೆ, ಅದರ ಮುಂದೆ ಸಾಲ ಇಲ್ಲ, ಅಷ್ಟೇ ಕಾಣೋದು.

ಈಗ ಬ್ಯಾಂಕಿನವರ ಟೇಬಲ್ ಮೇಲೆ ಇಂಥ ಒಂದು ರಿಪೋರ್ಟ್ ಇದೆ ಅಂತಿಟ್ಟುಕೊಳ್ಳಿ. ಕಳೆದ ಎರಡು ವಾರದಲ್ಲಿ ಐದು ಎನ್‌ಕ್ವೈರಿ, ಹೊಸ ಸಾಲ ಒಂದೂ ಇಲ್ಲ. ಇದಕ್ಕೆ ಎರಡೇ ಅರ್ಥ ಹೊಳೆಯುತ್ತೆ. ಐದೂ ಕಡೆ ಇವರಿಗೆ ಸಾಲ ಕೊಡಲ್ಲ ಅಂದಿರಬಹುದು. ಇಲ್ಲವೇ ಒಂದೆರಡು ಕಡೆ ಸಾಲ ಆಗಿ, ಅದು ಇನ್ನೂ ದಾಖಲೆಗೆ ಬಂದಿಲ್ಲದಿರಬಹುದು. ಎರಡೂ ಬ್ಯಾಂಕಿಗೆ ಒಳ್ಳೆಯ ಸುದ್ದಿ ಅಲ್ಲ. 'ಸುಮ್ನೆ ಬಡ್ಡಿ ಎಷ್ಟು ಅಂತ ಕೇಳಿದ್ದೆ ಸಾರ್' ಅನ್ನುವ ಮೂರನೇ ಅರ್ಥ ನಿಜವೇ ಇದ್ದರೂ ಅದನ್ನು ಹೇಳೋ ಜಾಗ ಆ ಕಾಗದದಲ್ಲಿ ಇಲ್ಲ.

ಒಂದು ಲೆಕ್ಕ ನೋಡೋಣ

ತಾಲೂಕು ಕೇಂದ್ರದಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ ಇಟ್ಟಿರುವ ಒಬ್ಬರನ್ನು ಉದಾಹರಣೆಗೆ ತಗೊಳ್ಳೋಣ. ದೀಪಾವಳಿಗೆ ಮಾಲು ತರಲು ಅವರಿಗೆ 3 ಲಕ್ಷ ರೂಪಾಯಿ ಬೇಕು. ಹಳೆಯ ಸಾಲ ತೀರಿದೆ, ಯಾವ ಕಂತೂ ತಪ್ಪಿಲ್ಲ, ಸ್ಕೋರ್ 750ರ ಮೇಲಿದೆ.

ಸೆಪ್ಟೆಂಬರ್ 3ಕ್ಕೆ ಕಾಲೇಜಿಗೆ ಹೋಗುವ ಮಗನಿಗೆ ಬೈಕ್ ನೋಡಲು ಶೋರೂಮಿಗೆ ಹೋಗುತ್ತಾರೆ. ಅಲ್ಲಿ ಫೈನಾನ್ಸ್ ಟೇಬಲ್ಲಿನ ಹುಡುಗ ಆಧಾರ್, ಪ್ಯಾನ್ ತಗೊಂಡು, 'ಯಾವುದ್ರಲ್ಲಿ ಆಗುತ್ತೆ ನೋಡ್ತೀನಿ ಅಣ್ಣ' ಅಂತ 95,000 ರೂಪಾಯಿಗೆ ಎರಡು ಕಂಪನಿಗೆ ಅರ್ಜಿ ಹಾಕುತ್ತಾನೆ. ಒಂದರಲ್ಲಿ ಸಾಲ ಆಗಿ ಬೈಕ್ ಮನೆಗೆ ಬರುತ್ತೆ. ಎನ್‌ಕ್ವೈರಿ ಮಾತ್ರ ಎರಡು.

6ನೇ ತಾರೀಕು 22,000 ರೂಪಾಯಿಯ ಫೋನ್ ಕಂತಿನಲ್ಲಿ ಬರುತ್ತೆ. ಇದು ಮೂರನೆಯದು.

8ನೇ ತಾರೀಕು ರಾತ್ರಿ ಮೊಬೈಲಿನಲ್ಲಿ '5 ನಿಮಿಷದಲ್ಲಿ 5 ಲಕ್ಷ' ಅನ್ನೋ ಜಾಹೀರಾತು ಕಾಣುತ್ತೆ. ಆ್ಯಪ್ ಹಾಕಿಕೊಂಡು ಪ್ಯಾನ್ ನಂಬರ್ ಕೊಟ್ಟು, ಬಂದ ಒಟಿಪಿ ಒತ್ತುತ್ತಾರೆ. ಆ ಆ್ಯಪ್ ತಾನೇ ಸಾಲ ಕೊಡುವುದಲ್ಲ, ಬೇರೆ ಕಂಪನಿಗಳಿಗೆ ಅರ್ಜಿ ದಾಟಿಸುವ ಮಧ್ಯವರ್ತಿ. ಮೂರು ಕಂಪನಿಗೆ ಹೋಗುತ್ತೆ, ಮೂರರಲ್ಲೂ 5 ಲಕ್ಷ ಅಂತ ಬರೆದಿರುತ್ತೆ. ಬಡ್ಡಿ ಜಾಸ್ತಿ ಅಂತ ಇವರೇ ಬಿಟ್ಟುಬಿಡುತ್ತಾರೆ. ಒಟ್ಟು ಆರಾಯಿತು.

10ನೇ ತಾರೀಕು ಪರಿಚಯದ ಲೋನ್ ಏಜೆಂಟ್ ಅಂಗಡಿಗೇ ಬಂದು ದಾಖಲೆ ತಗೊಂಡು ಹೋಗಿ, 3 ಲಕ್ಷಕ್ಕೆ ಇನ್ನೆರಡು ಕಡೆ ಹಾಕುತ್ತಾರೆ. ಎಂಟಾಯಿತು.

12ನೇ ತಾರೀಕು, ಹತ್ತು ವರ್ಷದಿಂದ ಕರೆಂಟ್ ಅಕೌಂಟ್ ಇರುವ ತಮ್ಮ ಬ್ಯಾಂಕಿಗೆ ಹೋಗುತ್ತಾರೆ. ಬಡ್ಡಿ ಕಡಿಮೆ ಇರೋದು ಅಲ್ಲೇ, ಇವರ ವ್ಯಾಪಾರ ಗೊತ್ತಿರೋದೂ ಅಲ್ಲೇ. ಮ್ಯಾನೇಜರ್ ರಿಪೋರ್ಟ್ ತೆಗೆದಾಗ ಕಾಣುವುದು ಒಂಬತ್ತೇ ದಿನದಲ್ಲಿ ಬಿದ್ದ ಎಂಟು ಎನ್‌ಕ್ವೈರಿ.

ಮೊತ್ತ ಕೂಡಿಸಿ ನೋಡಿ. ಬೈಕಿಗೆ 95,000 ಎರಡು ಸಲ, 1.90 ಲಕ್ಷ. ಫೋನಿಗೆ 22,000. ಆ್ಯಪಿನಿಂದ 5 ಲಕ್ಷ ಮೂರು ಸಲ, 15 ಲಕ್ಷ. ಏಜೆಂಟರಿಂದ 3 ಲಕ್ಷ ಎರಡು ಸಲ, 6 ಲಕ್ಷ. ಒಟ್ಟು 23 ಲಕ್ಷದ 12 ಸಾವಿರ. 3 ಲಕ್ಷ ಬೇಕಿದ್ದ ಮನುಷ್ಯ ಕಾಗದದ ಮೇಲೆ 23 ಲಕ್ಷಕ್ಕೆ ಊರೆಲ್ಲ ಅಲೆದವರ ಹಾಗೆ ಕಾಣುತ್ತಾರೆ. ಅವರು ನಿಜವಾಗಿ ತಗೊಂಡಿದ್ದು ಬೈಕ್ ಮತ್ತು ಫೋನಿನದು ಸೇರಿ 1 ಲಕ್ಷದ 17 ಸಾವಿರ ಮಾತ್ರ. ಆ ಎರಡು ಸಾಲವೂ ರಿಪೋರ್ಟಿಗೆ ಇನ್ನೂ ಬಂದಿಲ್ಲ.

ಇಂಥ ಅರ್ಜಿಯನ್ನು ಮ್ಯಾನೇಜರ್ 'ಎರಡು ಮೂರು ತಿಂಗಳು ಬಿಟ್ಟು ಬನ್ನಿ' ಅಂತ ಪಕ್ಕಕ್ಕಿಟ್ಟರೆ ಆಶ್ಚರ್ಯ ಇಲ್ಲ. ಅಷ್ಟರಲ್ಲಿ ದೀಪಾವಳಿ ಮುಗಿದಿರುತ್ತೆ. ಮಾಲು ತರಲೇಬೇಕು ಅಂದರೆ ಆಗ ಉಳಿಯೋದು ಮೀಟರ್ ಬಡ್ಡಿಯವರ ಬಾಗಿಲು.

ಪೆಟ್ಟು ಎರಡು ಕಡೆಯಿಂದ

ಮೊದಲ ಪೆಟ್ಟು ಸ್ಕೋರಿಗೆ. ಆದರೆ ಇದನ್ನು ಸರಿಯಾದ ಅಳತೆಯಲ್ಲಿ ನೋಡಬೇಕು. ಕಂತು ಸಮಯಕ್ಕೆ ಕಟ್ಟಿದ್ದೀರಾ, ಕಾರ್ಡ್ ಮಿತಿಯಲ್ಲಿ ಎಷ್ಟು ಬಳಸಿದ್ದೀರಾ ಅನ್ನೋದೇ ಸ್ಕೋರಿನಲ್ಲಿ ದೊಡ್ಡದು. ಎನ್‌ಕ್ವೈರಿಯ ತೂಕ ಅವುಗಳಿಗಿಂತ ಕಡಿಮೆ. ಒಂದು ಎನ್‌ಕ್ವೈರಿಯಿಂದ ಸ್ಕೋರ್ ಅಲುಗಿದರೂ ಸ್ವಲ್ಪವೇ, ಕಂತು ಸರಿಯಾಗಿ ಕಟ್ಟುತ್ತಾ ಹೋದರೆ ಮತ್ತೆ ಸರಿಹೋಗುತ್ತೆ. ಹತ್ತಿರ ಹತ್ತಿರದ ದಿನಗಳಲ್ಲಿ ಸಾಲಾಗಿ ಬಿದ್ದಾಗ ಪೆಟ್ಟು ಜೋರು. ಹಳೆಯ ಸಾಲದ ಇತಿಹಾಸ ಉದ್ದ ಇರುವವರು ತಡೆದುಕೊಳ್ಳುತ್ತಾರೆ. ಈಗಷ್ಟೇ ಮೊದಲ ಸಾಲ ತಗೊಂಡಿರುವ ಹುಡುಗರಿಗೆ ಅದೇ ನಾಲ್ಕು ಎನ್‌ಕ್ವೈರಿ ಹೆಚ್ಚು ಭಾರ, ಯಾಕೆಂದರೆ ಅವರ ರಿಪೋರ್ಟಿನಲ್ಲಿ ನೋಡಲು ಬೇರೆ ಏನೂ ಇರಲ್ಲ. ಒಂದು ಎನ್‌ಕ್ವೈರಿಗೆ ಇಷ್ಟೇ ಅಂಕ ಕಡಿತ ಅಂತ ಸಿಬಿಲ್ ಯಾವ ಪಟ್ಟಿಯನ್ನೂ ಪ್ರಕಟಿಸಿಲ್ಲ. ವಿಡಿಯೋಗಳಲ್ಲಿ ಹೇಳುವ 'ಒಂದಕ್ಕೆ ಹತ್ತು ಪಾಯಿಂಟ್' ಅನ್ನೋ ಲೆಕ್ಕ ಅಂದಾಜು ಅಷ್ಟೇ.

ಎರಡನೇ ಪೆಟ್ಟು ಬಹಳ ಜನಕ್ಕೆ ಗೊತ್ತಿರಲ್ಲ. ಬ್ಯಾಂಕು, ಫೈನಾನ್ಸ್ ಕಂಪನಿಗಳು ಸ್ಕೋರ್ ಒಂದನ್ನೇ ನೋಡಲ್ಲ. ಕಳೆದ 30 ದಿನದಲ್ಲಿ, ಕಳೆದ 12 ತಿಂಗಳಲ್ಲಿ ಎಷ್ಟು ಎನ್‌ಕ್ವೈರಿ ಆಗಿದೆ ಅನ್ನೋದನ್ನು ಬೇರೆಯಾಗಿ ಎಣಿಸುತ್ತಾರೆ. ಇಷ್ಟಕ್ಕಿಂತ ಜಾಸ್ತಿ ಇದ್ದರೆ ಬೇಡ, ಅಥವಾ ಮೇಲಧಿಕಾರಿಯ ಒಪ್ಪಿಗೆ ಬೇಕು ಅಂತ ತಮ್ಮದೇ ಒಳನಿಯಮ ಇಟ್ಟುಕೊಂಡಿರುತ್ತಾರೆ. ಅದು ಒಂದೊಂದು ಕಡೆ ಒಂದೊಂದು ಥರ. 'ನನ್ನ ಸ್ಕೋರ್ 730 ಇದೆ, ಆದ್ರೂ ಯಾಕೆ ರಿಜೆಕ್ಟ್ ಆಯ್ತು?' ಅಂತ ಕೇಳುವವರು ಮೊದಲು ನೋಡಬೇಕಾದ್ದು ರಿಪೋರ್ಟಿನ ಕೊನೆಯ ಎನ್‌ಕ್ವೈರಿ ಪಟ್ಟಿಯನ್ನು.

'ಒಂದೇ ಬಗೆಯ ಸಾಲಕ್ಕೆ 45 ದಿನದೊಳಗೆ ಎಷ್ಟು ಕಡೆ ಕೇಳಿದ್ರೂ ಒಂದೇ ಎನ್‌ಕ್ವೈರಿ ಅಂತ ಲೆಕ್ಕ' ಅನ್ನೋ ಮಾತನ್ನೂ ಕೆಲವರು ಕೇಳಿರಬಹುದು. ಅದು ಅಮೆರಿಕದ ಫೈಕೋ ಸ್ಕೋರಿನ ನಿಯಮ, ಅಲ್ಲೂ ಮನೆ, ವಾಹನ, ಓದಿನ ಸಾಲಗಳಿಗೆ ಮಾತ್ರ. ಇಲ್ಲಿ ಅದನ್ನು ನಂಬಿ ನಾಲ್ಕು ಕಡೆ ಅರ್ಜಿ ಹಾಕಬೇಡಿ. ಇಲ್ಲಿನ ರಿಪೋರ್ಟಿನಲ್ಲಿ ಒಂದೊಂದು ಅರ್ಜಿಗೂ ಒಂದೊಂದು ಸಾಲು.

ಅದೇ ಅಂಗಡಿಯವರು ಬೇರೆ ಥರ ಮಾಡಿದ್ದರೆ?

ಮೇಲಿನ ಲೆಕ್ಕದಲ್ಲಿ ಎಂಟು ಎನ್‌ಕ್ವೈರಿ ಬಿದ್ದದ್ದು ಅವರು ಎಂಟು ಸಾಲ ಕೇಳಿದ್ದಕ್ಕಲ್ಲ. ಬೈಕ್, ಫೋನ್, ಅಂಗಡಿ ಅಂತ ಕೇಳಿದ್ದು ಮೂರೇ. ಉಳಿದದ್ದು ಬೇರೆಯವರ ಕೈಗೆ ಪ್ಯಾನ್ ಕೊಟ್ಟದ್ದರ ಫಲ.

ಅವರು ಮೊದಲು ಮಾಡಬೇಕಿದ್ದದ್ದು ತಮ್ಮ ರಿಪೋರ್ಟನ್ನು ತಾವೇ ನೋಡುವ ಕೆಲಸ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು ಅನ್ನೋದು ರಿಸರ್ವ್ ಬ್ಯಾಂಕಿನ ನಿಯಮ, 2017ರಿಂದ ಇದೆ. ಸಿಬಿಲ್ ಆದರೆ cibil.com ನಲ್ಲಿ ಸಿಗುತ್ತೆ. ಹಳೆಯ ಸಾಲ ತೀರಿದ್ದರೂ 'ಬಾಕಿ ಇದೆ' ಅಂತ ತೋರಿಸುತ್ತಿದ್ದರೆ ಅದನ್ನು ಅರ್ಜಿ ಹಾಕುವ ಮುಂಚೆಯೇ ಸರಿ ಮಾಡಿಸಬಹುದು.

ಎರಡನೆಯದು ಸರದಿ. ಮೂರರಲ್ಲಿ ಯಾವುದು ದೊಡ್ಡದೋ, ಯಾವುದಕ್ಕೆ ಗಡುವು ಇದೆಯೋ ಅದು ಮೊದಲು. ಅಂಗಡಿಯ ಸಾಲಕ್ಕೆ ಸೆಪ್ಟೆಂಬರ್ 1ಕ್ಕೇ ತಮ್ಮ ಬ್ಯಾಂಕಿಗೆ ಹೋಗಿದ್ದರೆ ರಿಪೋರ್ಟ್ ಚೊಕ್ಕವಾಗಿರುತ್ತಿತ್ತು. ಆ ಸಾಲ ಕೈಗೆ ಬಂದ ಮೇಲೆ ಬೈಕ್ ನೋಡಬಹುದಿತ್ತು. ಫೋನನ್ನು ಕಂತಿಲ್ಲದೆ ತಗೊಳ್ಳಬಹುದಿತ್ತು, ಇಲ್ಲವೇ ಹಬ್ಬ ಮುಗಿಯುವ ತನಕ ಕಾಯಬಹುದಿತ್ತು. ಎಂಟರ ಜಾಗದಲ್ಲಿ ಎರಡು.

ಮೂರನೆಯದು, ಬಡ್ಡಿ ವಿಚಾರಿಸೋಕೆ ಪ್ಯಾನ್ ಬೇಕಿಲ್ಲ. ಬಡ್ಡಿ ಎಷ್ಟು, ಪ್ರೊಸೆಸಿಂಗ್ ಶುಲ್ಕ ಎಷ್ಟು, ಯಾವ ದಾಖಲೆ ಬೇಕು ಅಂತ ನಾಲ್ಕಲ್ಲ, ಹತ್ತು ಕಡೆ ಬಾಯಿಮಾತಲ್ಲಿ ಕೇಳಿ, ಏನೂ ಆಗಲ್ಲ. ಪ್ಯಾನ್ ಮತ್ತು ಒಟಿಪಿ ಕೇಳಿದಾಗ ಮಾತ್ರ ಒಂದು ನಿಮಿಷ ನಿಲ್ಲಿ. 'ಈಗ ಸಿಬಿಲ್ ತೆಗೀತೀರಾ? ಯಾವ ಕಂಪನಿಗೆ ಹಾಕ್ತೀರಾ? ಎಷ್ಟು ಮೊತ್ತಕ್ಕೆ?' ಈ ಮೂರು ಪ್ರಶ್ನೆಗೆ ಉತ್ತರ ಬಂದ ಮೇಲೆ ಒಟಿಪಿ ಹೇಳಿ. 'ಒಂದೇ ಕಂಪನಿಗೆ ಹಾಕಿ, ಆಗದಿದ್ರೆ ನನ್ನ ಕೇಳಿ ಮುಂದಿನದಕ್ಕೆ ಹಾಕಿ' ಅಂತ ಶೋರೂಮಿನವರಿಗೂ ಏಜೆಂಟರಿಗೂ ಹೇಳುವ ಹಕ್ಕು ನಿಮಗಿದೆ.

ಆ್ಯಪ್‌ಗಳಲ್ಲಿ ಇನ್ನೂ ಹುಷಾರು ಬೇಕು. 'ಉಚಿತವಾಗಿ ಸ್ಕೋರ್ ನೋಡಿ' ಅನ್ನೋ ಬಟನ್ ಸಾಫ್ಟ್. ಅದರ ಕೆಳಗೇ 'ಅಪ್ಲೈ ನೌ' ಇರುತ್ತೆ. ಅದನ್ನು ಒತ್ತಿ ಮೊತ್ತ, ಸಂಬಳ ತುಂಬಿ ಒಟಿಪಿ ಕೊಟ್ಟರೆ ಹಾರ್ಡ್ ಎನ್‌ಕ್ವೈರಿಗೆ ಒಪ್ಪಿಗೆ ಕೊಟ್ಟ ಹಾಗೆ. ಒಟಿಪಿ ಮೆಸೇಜನ್ನು ಪೂರ್ತಿ ಓದಿ. ಯಾವ ಕಂಪನಿಗೆ, ಯಾತಕ್ಕೆ ಒಪ್ಪಿಗೆ ಅಂತ ಬಹಳ ಸಲ ಅದರಲ್ಲೇ ಬರೆದಿರುತ್ತೆ.

ಒಂದು ಕಡೆ ಇಲ್ಲ ಅಂದರೆ ಅದೇ ದಿನ ಪಕ್ಕದ ಬ್ಯಾಂಕಿಗೆ ಹೋಗುವುದು ದೊಡ್ಡ ತಪ್ಪು. ಬ್ಯಾಂಕ್ ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನ್ಯಾಯಯುತ ವ್ಯವಹಾರ ಸಂಹಿತೆ ಹೇಳುತ್ತೆ. ಆ ಕಾರಣ ಕೇಳಿ ಪಡೆಯಿರಿ. ಆದಾಯದ ದಾಖಲೆ ಸಾಲದು ಅಂತಿದ್ದರೆ ಅದೇ ದಾಖಲೆ ಹಿಡಿದು ಮುಂದಿನ ಬ್ಯಾಂಕಿಗೆ ಹೋದರೂ ಅದೇ ಉತ್ತರ, ಜೊತೆಗೆ ಇನ್ನೊಂದು ಎನ್‌ಕ್ವೈರಿ.

ನಿಮಗೆ ಗೊತ್ತಿಲ್ಲದೆ ಎನ್‌ಕ್ವೈರಿ ಬಿದ್ದಿದ್ದರೆ

ಯಾರಾದರೂ ನಿಮ್ಮ ರಿಪೋರ್ಟ್ ತೆಗೆದರೆ ಎಸ್‌ಎಂಎಸ್ ಅಥವಾ ಇ-ಮೇಲ್ ಮೂಲಕ ನಿಮಗೆ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಆದೇಶಿಸಿತು. ಮೊಬೈಲ್ ನಂಬರ್ ಬದಲಾಯಿಸಿ ಬ್ಯಾಂಕಿಗೆ ಹೇಳದೇ ಇದ್ದರೆ ಈ ಮೆಸೇಜ್ ನಿಮಗೆ ಬರಲ್ಲ, ಅದನ್ನು ಮೊದಲು ಸರಿ ಮಾಡಿಸಿಕೊಳ್ಳಿ.

ನೀವು ಅರ್ಜಿಯೇ ಹಾಕದ ಕಂಪನಿಯ ಹೆಸರು ಪಟ್ಟಿಯಲ್ಲಿದ್ದರೆ ನಿರ್ಲಕ್ಷ್ಯ ಬೇಡ. ನಿಮ್ಮ ಪ್ಯಾನ್ ಬಳಸಿ ಯಾರೋ ಸಾಲ ತೆಗೆಯಲು ನೋಡಿರಬಹುದು. ರಿಪೋರ್ಟ್ ಕೊಟ್ಟ ಕಂಪನಿಯ ವೆಬ್‌ಸೈಟಿನಲ್ಲೇ 'ಡಿಸ್ಪ್ಯೂಟ್' ಅನ್ನೋ ಜಾಗದಲ್ಲಿ ದೂರು ಹಾಕಿ, ಆ ಸಾಲದಾತರಿಗೂ ಬರೆಯಿರಿ. ಇದಕ್ಕೆ ಶುಲ್ಕ ಇಲ್ಲ. 30 ದಿನದೊಳಗೆ ಇತ್ಯರ್ಥ ಆಗದಿದ್ದರೆ ಅಲ್ಲಿಂದ ಮುಂದೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮ ಇದೆ. ಆಮೇಲೂ ಆಗದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448 ನಂಬರಿದೆ.

ಎನ್‌ಕ್ವೈರಿ ಕಾಣೋದು ಅದನ್ನು ತೆಗೆದ ಕಂಪನಿಯ ರಿಪೋರ್ಟಿನಲ್ಲಿ ಮಾತ್ರ. ಎಕ್ಸ್‌ಪೀರಿಯನ್‌ನಿಂದ ತೆಗೆದದ್ದು ಸಿಬಿಲ್ ಪಟ್ಟಿಯಲ್ಲಿ ಇರಲ್ಲ. ಅನುಮಾನ ಇದ್ದರೆ ನಾಲ್ಕೂ ಕಡೆಯ ಉಚಿತ ರಿಪೋರ್ಟ್ ತೆಗೆದು ನೋಡಿ.

ಆದರೆ ನೀವೇ ಒಪ್ಪಿಗೆ ಕೊಟ್ಟು ಆದ ಎನ್‌ಕ್ವೈರಿಯನ್ನು ಯಾರೂ ಅಳಿಸೋಕಾಗಲ್ಲ. 'ಇಷ್ಟು ಸಾವಿರ ಕೊಡಿ, ಎನ್‌ಕ್ವೈರಿ ತೆಗೆಸಿ ಸಿಬಿಲ್ ಏರಿಸ್ತೀವಿ' ಅನ್ನುವವರಿಗೆ ದುಡ್ಡೂ ಕೊಡಬೇಡಿ, ಒಟಿಪಿಯನ್ನೂ ಕೊಡಬೇಡಿ. ನಿಜವಾದ ಎನ್‌ಕ್ವೈರಿಗೆ ಇರೋ ಮದ್ದು ಒಂದೇ: ಕೆಲವು ತಿಂಗಳು ಹೊಸ ಅರ್ಜಿ ಹಾಕದೆ ಇರುವುದು, ಇರುವ ಕಂತನ್ನು ತಾರೀಕು ತಪ್ಪದೆ ಕಟ್ಟುವುದು. ಬ್ಯಾಂಕಿನವರು ಹೆಚ್ಚು ಗಮನಿಸುವ 30 ದಿನದ ಲೆಕ್ಕ ಅದರಷ್ಟಕ್ಕೆ ಅದೇ ಖಾಲಿಯಾಗುತ್ತೆ. ಅಷ್ಟರಲ್ಲಿ ನಿಜವಾಗಿ ತಗೊಂಡ ಸಾಲ ಎಷ್ಟು ಅನ್ನೋದೂ ರಿಪೋರ್ಟಿಗೆ ಬಂದಿರುತ್ತೆ, ಊಹೆಗೆ ಜಾಗ ಇರಲ್ಲ.

ಹಾಗಾಗಿ ಹಬ್ಬಕ್ಕೆ ಸಾಲ ಬೇಕಿರುವವರು ಹಬ್ಬದ ಹಿಂದಿನ ವಾರ ಓಡಾಡುವ ಬದಲು ಎರಡು ತಿಂಗಳು ಮುಂಚೆ ತಮ್ಮ ರಿಪೋರ್ಟ್ ತೆಗೆದು, ಕೊನೆಯ ಪುಟದಿಂದ ಓದಲು ಶುರು ಮಾಡುವುದು ಒಳ್ಳೆಯದು. ಪಟ್ಟಿ ಉದ್ದ ಇದ್ದರೆ ಕಾಯಲು ಸಮಯ ಇರುತ್ತೆ. ಪಟ್ಟಿ ಖಾಲಿ ಇದ್ದರೆ, ಮೊದಲ ಅರ್ಜಿ ನಿಮ್ಮ ಖಾತೆ ಇರುವ ಬ್ಯಾಂಕಿಗೇ ಹೋಗಲಿ.